ತುಳಸಿ ನಾರುತ್ತಿದ್ದ ಕಾಲ

ಧನುರ್ಮಾಸದಲ್ಲಿ ನಮ್ಮ ಬೀದಿಯ ಕೊನೆಯ ದೇವಸ್ಥಾನಕ್ಕೆ ನಾವು ಮಕ್ಕಳು ಹೋಗುತ್ತಿದ್ದುದು ಬಿಸಿ ಹುಗ್ಗಿಗಾಗಿ. ಬೆಳಗಿನ ಐದೂವರೆ, ಕೈಯಲ್ಲಿ ಮುತ್ತುಗದ ಎಲೆ, ಮೈಮೇಲೆ ಅಪ್ಪನ ಶಾಲು. ಹುಗ್ಗಿ ಕೊಡುವುದಕ್ಕೆ ಮೊದಲು ಆಂಡಾಳ್ ತಮಿಳಿನಲ್ಲಿ ಹಾಡಿದ ತಿರುಪ್ಪಾವೈ ಮುಗಿಯಬೇಕು. ಮೂವತ್ತು ದಿನಕ್ಕೆ ಮೂವತ್ತು ಪಾಶುರ. ಆಯಾ ದಿನದ ಪಾಶುರವನ್ನು ಎರಡು ಸಲ ಹೇಳುತ್ತಿದ್ದರು. ನಮಗೆ ತಮಿಳು ಬಾರದು, ಹಾಗಾಗಿ ಕೇಳಿದ್ದನ್ನೆಲ್ಲ ಕನ್ನಡವಾಗಿ ಕೇಳಿಸಿಕೊಳ್ಳುತ್ತಿದ್ದೆವು. ಹತ್ತನೆಯ ದಿನದ ಪಾಶುರದಲ್ಲಿ ‘ನಾತ್ತತ್ತುಳಾಯ್ ಮುಡಿ ನಾರಾಯಣನ್’ ಎಂದು ಬಂತು. ನಾತ, ತುಳಸಿ, ನಾರಾಯಣ. ಮೂರೂ ಸ್ಪಷ್ಟವಾಗಿ ಕೇಳಿಸಿತು. ನಾವು ನಾಲ್ಕು ಜನ ಶಾಲಿನೊಳಗೆ ಮುಖ ಹುದುಗಿಸಿ ನಕ್ಕೆವು.

ಪಕ್ಕದ ಮನೆಯ ಅಯ್ಯಂಗಾರ್ ಅಜ್ಜಿ ನಮ್ಮ ಹಿಂದೆಯೇ ಕೂತಿದ್ದರು. ಹೊರಗೆ ಬಂದ ಮೇಲೆ ನಾನೇ ಕೇಳಿಬಿಟ್ಟೆ, “ಅಜ್ಜೀ, ದೇವರ ತಲೆ ಮೇಲಿನ ತುಳಸಿ ನಾರತ್ತಾ?” ಬೈಯಬಹುದು ಅಂದುಕೊಂಡಿದ್ದೆ. ಅವರು ಪ್ರಸಾದದ ತುಳಸಿಯ ಒಂದು ದಳ ಮುರಿದು ನನ್ನ ಮೂಗಿನ ಹತ್ತಿರ ಹಿಡಿದರು. “ಹ್ಞೂ, ನಾರತ್ತೆ, ಮೂಸಿ ನೋಡು. ಆಗ ನಾರೋದು ಅಂದ್ರೆ ಹೀಗೆ ಘಮ ಅನ್ನೋದು ಕಣೇ.”

‘ಆಗ’ ಎಂದರೆ ಯಾವಾಗ, ‘ಈಗ’ ಹೇಗೆ ಬದಲಾಯಿತು ಎಂಬ ಪ್ರಶ್ನೆ ನನ್ನನ್ನು ಆಮೇಲೆ ಬಿಟ್ಟಿಲ್ಲ. ಪದಗಳ ಅರ್ಥ ಕಿರಿದಾಗುತ್ತದೆ, ಹಿರಿದಾಗುತ್ತದೆ, ಕೆಲವೊಮ್ಮೆ ಪೂರ್ತಿ ತಿರುಗಿ ನಿಲ್ಲುತ್ತದೆ ಎಂದು ಭಾಷಾಶಾಸ್ತ್ರದ ಪುಸ್ತಕಗಳೆಲ್ಲ ಹೇಳುತ್ತವೆ. ಈ ಮೂರೂ ಬಗೆಯನ್ನು ಒಂದೇ ಜಾಗದಲ್ಲಿ ನೋಡಬೇಕೆಂದರೆ ಮೂಗಿಗೆ ಸಂಬಂಧಿಸಿದ ನಮ್ಮ ಮಾತುಗಳನ್ನು ನೋಡಬೇಕು ಎಂದು ನನಗೆ ಅನಿಸುತ್ತದೆ. ಮೂಗು ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪನ್ನು ಬೇಗ ಕೊಟ್ಟುಬಿಡುತ್ತದೆ. ಆ ತೀರ್ಪು ಪದಕ್ಕೂ ಅಂಟಿಕೊಳ್ಳುತ್ತದೆ.

ಅಜ್ಜಿ ಹೇಳಿದ್ದು ನಿಜ. ತಿರುಪ್ಪಾವೈಯ ಆ ಪದದ ಬರಹದ ರೂಪ ‘ನಾಱ್ಱಂ’. ಆಂಡಾಳ್ ಅದನ್ನು ಬಳಸಿದ್ದು ಪರಿಮಳ ಎಂಬ ಅರ್ಥದಲ್ಲಿ: ಪರಿಮಳದ ತುಳಸಿಯನ್ನು ಮುಡಿದ ನಾರಾಯಣ. ಅವಳದೇ ನಾಚ್ಚಿಯಾರ್ ತಿರುಮೊಳಿಯಲ್ಲಿ ಇನ್ನೂ ದಿಟ್ಟವಾದ ಒಂದು ಸಾಲಿದೆ. ಕೃಷ್ಣನ ತುಟಿಗೆ ತಾಗುವ ಭಾಗ್ಯ ಪಡೆದ ಶಂಖವನ್ನು ಅವಳು ಕೇಳುತ್ತಾಳೆ, ‘ಕರುಪ್ಪೂರಮ್ ನಾಱುಮೋ, ಕಮಲಪ್ಪೂ ನಾಱುಮೋ?’ ಅವನ ಬಾಯಿ ಕರ್ಪೂರದಂತೆ ಪರಿಮಳಿಸುತ್ತದೆಯೋ, ಕಮಲದಂತೋ? ಇದನ್ನು ಪದಕ್ಕೆ ಪದ ಇಟ್ಟು ಇಂದಿನ ಕನ್ನಡಕ್ಕೆ ತಂದರೆ ‘ಕರ್ಪೂರ ನಾರುತ್ತದೋ, ಕಮಲ ನಾರುತ್ತದೋ’ ಎಂದಾಗುತ್ತದೆ. ಸಾವಿರ ವರ್ಷದ ಹಿಂದಿನ ಪ್ರೀತಿಯ ಮಾತು ಬೈಗುಳವಾಗಿಬಿಡುತ್ತದೆ. ತಿರುಕ್ಕುರಳಿನಲ್ಲೂ ಅರಳದ ಮೊಗ್ಗಿನೊಳಗೆ ಅಡಗಿರುವ ಪರಿಮಳಕ್ಕೆ ‘ನಾಱ್ಱಂ’ ಎಂದೇ ಇದೆ. ಹುಡುಗಿಯ ಮುಗುಳ್ನಗೆಯೊಳಗೆ ಅಡಗಿದ ಮಾತಿಗೆ ಅದು ಹೋಲಿಕೆ. ಇವತ್ತು ತಮಿಳರಿಗೂ ಮಲಯಾಳಿಗಳಿಗೂ ಅದೇ ಪದ ದುರ್ನಾತ.

ನಮ್ಮ ‘ನಾತ’ ಮತ್ತು ‘ನಾರು’ ಈ ಕುಟುಂಬದವೇ. ಹಳಗನ್ನಡದಲ್ಲಿ ಈ ಕ್ರಿಯಾಪದವನ್ನು ‘ನಾಱು’ ಎಂದು ಬರೆಯುತ್ತಿದ್ದರು, ಶಕಟರೇಫ ಎಂಬ ಇನ್ನೊಂದು ಬಗೆಯ ರಕಾರ ಹಾಕಿ. ವಾಸನೆ ಬೀರು ಎಂಬುದಷ್ಟೇ ಅದರ ಅರ್ಥ. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಪಕ್ಕದ ಪದ ಹೇಳಬೇಕಿತ್ತು.

ಈ ಶಕಟರೇಫದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅರ್ಥದ ಹಿಂದೆ ಹೊರಟವರು ಮೊದಲು ಎಡವುವುದು ಇಲ್ಲಿಯೇ. ‘ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು’ ಎನ್ನುತ್ತೇವೆ. ಹೂವಿನ ಜೊತೆಗಿದ್ದು ಪರಿಮಳ ಹಿಡಿದುಕೊಂಡಿದ್ದರಿಂದಲೇ ಅದಕ್ಕೆ ನಾರು ಎಂಬ ಹೆಸರು ಬಂತು ಎಂದು ಒಬ್ಬರು ನನಗೆ ಬಹಳ ಆತ್ಮವಿಶ್ವಾಸದಿಂದ ವಿವರಿಸಿದ್ದರು. ಕೇಳಲು ಸೊಗಸಾಗಿದೆ, ಆದರೆ ಸರಿಯಲ್ಲ. ಬಾಳೆಯ ನಾರಿನದು ಸಾಮಾನ್ಯ ರಕಾರ, ವಾಸನೆಯ ನಾಱಿನದು ಶಕಟರೇಫ. ಅವು ಎರಡು ಬೇರೆ ಪದಗಳು. ಕನ್ನಡದ ಬಾಯಲ್ಲಿ ಈ ಎರಡು ಧ್ವನಿಗಳು ಬೆರೆತು ಒಂದಾದ ಮೇಲೆ ಱ ಬರಹದಿಂದಲೂ ಮರೆಯಾಯಿತು, ಪದಗಳು ಅವಳಿಗಳಂತೆ ಕಾಣತೊಡಗಿದವು. ಅನುಮಾನ ಬಂದಾಗ ತಮಿಳಿನ ಕಡೆ ತಿರುಗಿದರೆ ಸಾಕು, ಅಲ್ಲಿ ಬರಹದಲ್ಲಿ ಎರಡೂ ಅಕ್ಷರ ಇವತ್ತಿಗೂ ಉಳಿದಿವೆ. ನೂಲಿನಂಥದ್ದು ‘ನಾರ್’, ವಾಸನೆ ‘ನಾಱು’. ‘ನಾರುಬೇರಿನ ಔಷಧಿ’ಯಲ್ಲಿರುವುದೂ ನೂಲಿನ ನಾರೇ, ಆ ಬೇರು ಎಷ್ಟೇ ಘಾಟಾಗಿರಲಿ, ಹೆಸರು ಅದರಿಂದ ಬಂದದ್ದಲ್ಲ. ಎರಡು ಪದಗಳನ್ನು ಒಂದೆಂದು ತಿಳಿದು ಅವುಗಳ ನಡುವೆ ಅರ್ಥದ ಸೇತುವೆ ಕಟ್ಟಿದರೆ, ಯಾವತ್ತೂ ನಡೆಯದ ಬದಲಾವಣೆಯ ಕಥೆ ನಮ್ಮ ಕೈಯಲ್ಲಿ ಉಳಿಯುತ್ತದೆ.

ಹಾಗಾದರೆ ನಾಱು ಒಂದು ಕಾಲದಲ್ಲಿ ಒಳ್ಳೆಯ ಮನೆತನದ್ದು ಎನ್ನುವುದಕ್ಕೆ ಕನ್ನಡದೊಳಗೇ ಗುರುತು ಸಿಗುತ್ತದೆಯೇ? ಸಿಗುತ್ತದೆ. ‘ನರುಗಂಪು’ ಎಂಬ ಮಾತಿದೆ. ಕವಿಗಳು ಮಲ್ಲಿಗೆಗೆ, ಸಂಪಿಗೆಗೆ, ತಂಗಾಳಿಗೆ ಹೇಳುವ ಮಾತು. ಅದರೊಳಗಿನ ‘ನರು’ ಹಿಂದೆ ‘ನಱು’ ಆಗಿತ್ತು, ನಾಱುವಿನ ಬಳಗದ್ದು. ಅಣ್ಣ ಬೀದಿಗೆ ಬಿದ್ದು ಹೆಸರು ಕೆಡಿಸಿಕೊಂಡ. ತಮ್ಮ ಒಂದು ಸಮಾಸದೊಳಗೆ ಸೇರಿಕೊಂಡು ಮನೆತನದ ಮರ್ಯಾದೆ ಉಳಿಸಿಕೊಂಡ. ಹಳೆಯ ಅರ್ಥಗಳು ಅಡಗಿ ಕೂರುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ, ಸಮಾಸದಲ್ಲಿ, ಗಾದೆಯಲ್ಲಿ, ನಾವು ಬಿಡಿಸಿ ನೋಡದೆ ಇಡಿಯಾಗಿ ನುಂಗುವ ನುಡಿಗಟ್ಟಿನಲ್ಲಿ.

ಇನ್ನು ನರುಗಂಪಿನ ಎರಡನೆಯ ಅರ್ಧ, ಕಂಪು. ಕನ್ನಡದವರ ಪಾಲಿಗೆ ಇದಕ್ಕಿಂತ ಚೊಕ್ಕಟವಾದ ಪದ ಬೇರೆ ಇದೆಯೇ! ನಾನೂ ಹಾಗೆಯೇ ಅಂದುಕೊಂಡಿದ್ದೆ, ಬಾಗೇಪಲ್ಲಿ ಕಡೆಯ ಗೆಳತಿಯೊಬ್ಬಳು ತನ್ನ ಶಾಲೆಯ ಕಥೆ ಹೇಳುವವರೆಗೆ. ಅವರ ಮನೆಮಾತು ತೆಲುಗು, ಶಾಲೆಯದು ಕನ್ನಡ. ಮೇಷ್ಟ್ರು ಪದ್ಯ ಓದುತ್ತಾ ‘ಮಲ್ಲಿಗೆಯ ಕಂಪು’ ಎಂದು ಕಣ್ಣು ಮುಚ್ಚಿದರೆ, ಹಿಂದಿನ ಬೆಂಚಿನಲ್ಲಿ ನಗು. ತೆಲುಗಿನಲ್ಲಿ ‘ಕಂಪು’ ಎಂದರೆ ದುರ್ವಾಸನೆ. ಚರಂಡಿ ಒಡೆದರೆ, ಇಲಿ ಸತ್ತರೆ ‘ಕಂಪು ಕೊಡುತೋಂದಿ’ ಎನ್ನುತ್ತಾರೆ. ದೇವಸ್ಥಾನದಲ್ಲಿ ನಾನು ನಕ್ಕ ನಗುವನ್ನೇ ಅವಳು ಐವತ್ತು ಮೈಲಿ ಆಚೆ ತರಗತಿಯಲ್ಲಿ ಕೂತು ನಕ್ಕಿದ್ದಳು. ನನ್ನ ಪರಿಶುದ್ಧ ಪದ ಅವಳಿಗೆ ಕೊಳಕಾಗಿತ್ತು.

ಒಂದೇ ಪದ, ಅಕ್ಕಪಕ್ಕದ ಎರಡು ಭಾಷೆ, ತದ್ವಿರುದ್ಧ ಅರ್ಥ. ಯಾವುದು ಮೊದಲಿನದು? ಎರಡೂ ಭಾಷೆಯವರು ನಮ್ಮದೇ ಎನ್ನಬಹುದು. ಇಂಥ ಜಗಳವನ್ನು ಬಿಡಿಸಲು ಪದದ ಒಡಹುಟ್ಟಿದವರನ್ನು ವಿಚಾರಿಸಬೇಕು. ಕನ್ನಡದಲ್ಲಿ ತಣ್ಣನೆಗೆ ತಂಪು ಇರುವಂತೆ ಕಮ್ಮನೆಗೆ ಕಂಪು. ಕಮ್ಮನೆಯ ಗಾಳಿ ಎಂದರೆ ಹಿತವಾದ ಪರಿಮಳದ ಗಾಳಿ. ತೆಲುಗಿನಲ್ಲೂ ‘ಕಮ್ಮನಿ’ ಇದೆ. ಕಮ್ಮನಿ ತುಪ್ಪ, ಕಮ್ಮನಿ ಊಟ, ಕಮ್ಮನಿ ಹಾಡು, ಎಲ್ಲವೂ ಹಿತವಾದದ್ದೇ. ಅಂದರೆ ತೆಲುಗಿನ ಮನೆಯಲ್ಲೂ ಈ ಬೇರು ಸಿಹಿಯಾಗಿಯೇ ಇತ್ತು. ಒಂದು ಕೊಂಬೆ ಮಾತ್ರ ಆಮೇಲೆ ಕೊಳೆಯಿತು. ಎರಡು ಭಾಷೆಯ ಮೂರು ರೂಪಗಳು ಒಂದು ಕಡೆ, ಒಂದೇ ಒಂದು ರೂಪ ಇನ್ನೊಂದು ಕಡೆ ಇದ್ದಾಗ, ದಾರಿ ತಪ್ಪಿದ್ದು ಆ ಒಂದೇ ಎಂದು ಹೇಳುವುದು ನ್ಯಾಯ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿ ಕೋಶದ ಉಪಯೋಗ ಇಂಥಲ್ಲಿ ತಿಳಿಯುತ್ತದೆ. ಅದು ಪದಗಳನ್ನು ಭಾಷೆವಾರು ಬಿಡಿಬಿಡಿಯಾಗಿ ಇಡದೆ, ಒಂದೊಂದು ಬಳಗವನ್ನೂ ಒಂದು ಚಾಪೆಯ ಮೇಲೆ ಕೂರಿಸುತ್ತದೆ.

ಆದರೆ ಕನ್ನಡದ ಕಂಪು ಯಾಕೆ ಕೆಡಲಿಲ್ಲ? ನನಗೆ ತೋರುವ ಕಾರಣ ಇದು: ಅದು ನಮ್ಮ ಅಡುಗೆಮನೆಯಿಂದ ಬಹಳ ಹಿಂದೆಯೇ ಹೊರಟುಹೋಗಿದೆ. ಯಾರೂ ಸಾರಿನ ಪಾತ್ರೆ ಮೂಸಿ ‘ಕಂಪು ಬರ್ತಿದೆ’ ಅನ್ನುವುದಿಲ್ಲ. ಪದ್ಯದಲ್ಲಿ, ಭಾಷಣದಲ್ಲಿ, ಲಗ್ನಪತ್ರಿಕೆಯಲ್ಲಿ ಅದರ ವಾಸ. ಕೊಳೆತದ್ದು, ಹಳಸಿದ್ದು ಅದರ ಹತ್ತಿರ ಬರುವುದೇ ಇಲ್ಲ. ತೆಲುಗಿನ ಕಂಪು ದಿನನಿತ್ಯದ ಬಾಯಲ್ಲಿ ದುಡಿಯುತ್ತಿದೆ. ದುಡಿಯುವ ಪದಕ್ಕೆ ಕೊಳೆ ತಾಗುತ್ತದೆ.

ಆ ಕೊಳೆ ಹೇಗೆ ತಾಗುತ್ತದೆ ಎನ್ನುವುದನ್ನು ಹಳೆಯ ಗ್ರಂಥಗಳಲ್ಲಿ ಹುಡುಕಬೇಕಿಲ್ಲ, ನಮ್ಮ ಮನೆಯಲ್ಲೇ ನಡೆಯುತ್ತಿದೆ. ‘ವಾಸನೆ’ಯನ್ನು ನೋಡಿ. ಸಂಸ್ಕೃತದ ಈ ಪದ ಹುಟ್ಟಿದ್ದು ಪರಿಮಳ ಕೂರಿಸುವ ಕೆಲಸದಿಂದ. ಎಳ್ಳಿನ ನಡುವೆ ಹೂವು ಹರಡಿ ಇಟ್ಟರೆ ಎಳ್ಳಿಗೆ ಹೂವಿನ ಪರಿಮಳ ಹತ್ತುತ್ತದೆ. ಹೂವು ತೆಗೆದ ಮೇಲೂ, ಎಳ್ಳು ಗಾಣಕ್ಕೆ ಹೋದ ಮೇಲೂ ಎಣ್ಣೆಯಲ್ಲಿ ಅದು ಉಳಿಯುತ್ತದೆ. ಹೀಗೆ ಉಳಿದದ್ದು ವಾಸನೆ. ಮನಸ್ಸಿನಲ್ಲಿ ಹಿಂದಿನ ಕರ್ಮ ಉಳಿಸಿದ ಗುರುತಿಗೂ ದಾರ್ಶನಿಕರು ಇದೇ ಪದವನ್ನು ತೆಗೆದುಕೊಂಡರು. ‘ಪೂರ್ವಜನ್ಮದ ವಾಸನೆ’ ಎಂದು ಈಗಲೂ ಅನ್ನುತ್ತೇವೆ.

ನನ್ನ ಅಮ್ಮ ಇವತ್ತಿಗೂ ಜಾಜಿ ಮುಡಿದು “ಎಷ್ಟು ವಾಸನೆ ನೋಡೇ” ಎನ್ನುತ್ತಾರೆ. ಅವರಿಗೆ ಅದು ಬರೀ ಮೂಗಿಗೆ ಬರುವಂಥದ್ದು. ನನಗೆ ಅಲ್ಲಿ ಒಂದು ‘ಒಳ್ಳೆ’ ಬೇಕು ಅನಿಸುತ್ತದೆ, ಒಳ್ಳೆ ವಾಸನೆ. ನನ್ನ ಮಗಳಿಗೆ ‘ಒಳ್ಳೆ ವಾಸನೆ’ ಎಂಬುದೇ ಕಿರಿಕಿರಿ. “ಅಜ್ಜೀ, ಹೂವನ್ನ ಯಾರಾದ್ರೂ ವಾಸನೆ ಅಂತಾರಾ?” ಒಂದು ಮನೆ, ಮೂರು ತಲೆ, ಮೂರು ಹಂತ.

ನಡುವಿನ ಹಂತದಲ್ಲಿ ಏನಾಯಿತು ಎಂಬುದಕ್ಕೆ ನಾನೇ ಸಾಕ್ಷಿ. ಮನೆಗೆ ಬಂದವರ ಕಾಲುಚೀಲ, ಬಸ್ಸಿನಲ್ಲಿ ಪಕ್ಕದವರ ಬೆವರು, ಫ್ರಿಜ್ಜಿನಲ್ಲಿ ಮರೆತ ಹುಳಿ, ಇವುಗಳ ಬಗ್ಗೆ ಮಾತಾಡುವಾಗ ‘ನಾರ್ತಿದೆ’ ಎನ್ನಲು ಬಾಯಿ ಬರುವುದಿಲ್ಲ, ಅದು ತೀರಾ ಒರಟು. ಹಾಗಾಗಿ ಸ್ವಲ್ಪ ನಯವಾಗಿ ‘ಏನೋ ಕೆಟ್ಟ ವಾಸನೆ’ ಎಂದೆವು. ಇನ್ನೂ ನಯ ಮಾಡಲು ‘ಕೆಟ್ಟ’ವನ್ನು ಬಿಟ್ಟು ‘ಏನೋ ವಾಸನೆ’ ಎಂದೆವು. ಕೇಳುವವರಿಗೆ ಅರ್ಥವಾಯಿತು. ಒಳ್ಳೆಯ ವಾಸನೆಯ ಬಗ್ಗೆ ಯಾರೂ ಹುಬ್ಬು ಗಂಟಿಕ್ಕಿ ದನಿ ತಗ್ಗಿಸಿ ಹೇಳುವುದಿಲ್ಲವಲ್ಲ. ನಾವು ಬಿಟ್ಟ ‘ಕೆಟ್ಟ’ ಎಲ್ಲಿಗೂ ಹೋಗಲಿಲ್ಲ, ‘ವಾಸನೆ’ಯೊಳಗೆ ಇಳಿಯಿತು, ಎಳ್ಳಿನೊಳಗೆ ಹೂವಿನ ಪರಿಮಳ ಇಳಿದ ಹಾಗೆಯೇ. ಆಮೇಲೆ ಬೆಳೆದ ಮಕ್ಕಳು ಪದವನ್ನು ಕಲಿತದ್ದು ಆ ಹುಬ್ಬಿನ ಗಂಟಿನ ಜೊತೆಗೆ. ನಯಕ್ಕಾಗಿ ತಂದ ಪದವೇ ಮಾಸುತ್ತದೆ, ಅದರ ಜಾಗಕ್ಕೆ ಇನ್ನೊಂದು ನಯದ ಪದ ಬರುತ್ತದೆ. ಈಗ ಬಂದಿರುವುದು ‘ಸ್ಮೆಲ್’. ಅದಕ್ಕೂ ಕನ್ನಡದಲ್ಲಿ ಆಗಲೇ ಅದೇ ಗತಿ. ಲಿಫ್ಟಿನೊಳಗೆ ಯಾರಾದರೂ ‘ಸ್ಮೆಲ್ ಬರ್ತಿದೆ ಅಲ್ವಾ’ ಎಂದರೆ ಮಲ್ಲಿಗೆಯನ್ನು ಯಾರೂ ನೆನೆಯುವುದಿಲ್ಲ. ಇಂಗ್ಲಿಷಿನವರಿಗೂ ಇದು ಹೊಸದಲ್ಲ. ಅವರ ‘ಸ್ಟೆಂಚ್’ ಪದದ ಹಳೆಯ ರೂಪ ಸಾವಿರ ವರ್ಷದ ಹಿಂದೆ ಹೂವಿನ ಸುವಾಸನೆಗೂ ಸಲ್ಲುತ್ತಿತ್ತು.

ಒಂದು ಪದ ಈ ಇಳಿಜಾರಿನಲ್ಲಿ ಎಲ್ಲಿದೆ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸರಳವಾದದ್ದು. ಪದದ ಹಿಂದೆ ಮುಂದೆ ಏನೂ ಇಡದೆ ‘ಬರ್ತಿದೆ’ ಸೇರಿಸಿ ಕೇಳಿಸಿಕೊಳ್ಳುತ್ತೇನೆ. ‘ಪರಿಮಳ ಬರ್ತಿದೆ’ ಎಂದರೆ ಮೂಗು ಮುಂದಕ್ಕೆ ಹೋಗುತ್ತದೆ, ‘ನಾತ ಬರ್ತಿದೆ’ ಎಂದರೆ ಕೈ ಮೂಗಿಗೆ ಹೋಗುತ್ತದೆ. ‘ವಾಸನೆ ಬರ್ತಿದೆ’ ಎಂದಾಗ ನನ್ನ ಕೈ ಅರ್ಧ ಮೇಲೇಳುತ್ತದೆ. ಆದರೆ ‘ನಾಯಿ ವಾಸನೆ ಹಿಡಿಯಿತು’ ಎಂಬಲ್ಲಿ ಯಾವ ಅಸಹ್ಯವೂ ಇಲ್ಲ. ಹಳೆಯ ಅರ್ಥ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಪದವೊಂದು ಎಲ್ಲ ವಾಕ್ಯಗಳಲ್ಲೂ ಒಟ್ಟಿಗೆ ಬದಲಾಗುವುದಿಲ್ಲ, ಒಂದೊಂದೇ ಕೋಣೆ ಖಾಲಿ ಮಾಡುತ್ತಾ ಹೋಗುತ್ತದೆ.

ನಿಘಂಟು ಇದನ್ನು ತೋರಿಸುವುದು ಕಷ್ಟ. ‘ವಾಸನೆ: 1. ಸುಗಂಧ 2. ದುರ್ಗಂಧ’ ಎಂದು ಪಕ್ಕಪಕ್ಕದಲ್ಲಿ ಇಟ್ಟರೆ ಎರಡೂ ಸಮ ತೂಕದವು ಎಂದು ಓದುಗರಿಗೆ ತೋರುತ್ತದೆ. ಯಾವ ಅರ್ಥಕ್ಕೆ ಸಹಾಯದ ಪದ ಬೇಕು, ಯಾವುದು ಒಂಟಿಯಾಗಿಯೇ ನಿಲ್ಲುತ್ತದೆ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಹಳೆಯ ಕಾವ್ಯದಲ್ಲಿ ‘ನಾಱುವ’ ಎಂದು ಬಂದರೆ ನಾನು ಮೊದಲು ನೋಡುವುದು ನಾರುತ್ತಿರುವುದು ಏನು ಎಂದು. ಹೂವೋ ಹೆಣವೋ? ಇಂದಿನ ಮೂಗನ್ನು ಕವಿಗೆ ಅಂಟಿಸಿ ಓದಿದರೆ ಸಂಪಿಗೆಯ ಮರವೂ ತಿಪ್ಪೆಯಾಗುತ್ತದೆ.

ಎಲ್ಲ ಪದಗಳೂ ಕೆಳಕ್ಕೇ ಜಾರುತ್ತವೆ ಎಂದೇನಿಲ್ಲ. ಮೇಲಕ್ಕೆ ಹೋದದ್ದು ‘ಗಂಧ’. ತರ್ಕಸಂಗ್ರಹ ಓದಿದವರಿಗೆ ಗೊತ್ತು, ಮೂಗಿನಿಂದ ಗ್ರಹಿಸುವ ಗುಣ ಗಂಧ, ಅದು ಎರಡು ಬಗೆ, ಸುರಭಿ ಮತ್ತು ಅಸುರಭಿ. ಸುಗಂಧ, ದುರ್ಗಂಧ ಎಂದು ಮುಂದೆ ಏನಾದರೂ ಸೇರಿಸಬೇಕಾಗಿ ಬಂದದ್ದೇ ಗಂಧ ಯಾವ ಪಕ್ಷಕ್ಕೂ ಸೇರಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಕನ್ನಡದಲ್ಲಿ ಏನಾಯಿತು? ಒಂದು ವಸ್ತು ಅದನ್ನು ತನ್ನದಾಗಿಸಿಕೊಂಡಿತು. ಗಂಧ ಎಂದರೆ ಚಂದನ. ಗಂಧದ ಮರ, ಗಂಧದ ಕೊರಡು, ಗಂಧ ತೇಯುವ ಕಲ್ಲು. ಮೈಸೂರು ಸೀಮೆಯ ಕಾಡಿನಲ್ಲಿ ಬೆಳೆಯುವ ಒಂದು ಮರ ಜಗತ್ತಿನ ಎಲ್ಲ ವಾಸನೆಗಳ ಹೆಸರನ್ನು ತಾನೊಬ್ಬನೇ ಇಟ್ಟುಕೊಂಡಿತು. ಅರ್ಥ ಕಿರಿದಾಯಿತು, ಆದರೆ ಮರ್ಯಾದೆ ಹೆಚ್ಚಿತು.

ಹಳೆಯ ವಿಶಾಲ ಅರ್ಥ ಪೂರ್ತಿ ಅಳಿದಿಲ್ಲ. ‘ಅವನಿಗೆ ಸಂಗೀತದ ಗಂಧಗಾಳಿಯೂ ಇಲ್ಲ’ ಎನ್ನುವಾಗ ಯಾರೂ ಚಂದನದ ಬಗ್ಗೆ ಮಾತಾಡುತ್ತಿಲ್ಲ. ಗಾಳಿಯಲ್ಲಿ ತೇಲಿ ಬರುವ ಸುಳಿವು ಕೂಡ ಅವನನ್ನು ತಾಕಿಲ್ಲ ಎಂದು ಅರ್ಥ. ಇನ್ನೊಂದು ಕಡೆ ‘ಗಂಧಕ’ ಇದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವ ಆ ಘಾಟಿಗೂ ಪೂಜೆಯ ಗಂಧಕ್ಕೂ ಏನು ಸಂಬಂಧ ಎಂದು ಶಾಲೆಯಲ್ಲಿ ತಲೆ ಕೆಡಿಸಿಕೊಂಡದ್ದು ನೆನಪಿದೆ. ಸಂಬಂಧ ಇಷ್ಟೇ, ಎರಡಕ್ಕೂ ಹೆಸರು ಬಂದದ್ದು ಗಂಧ ಇನ್ನೂ ಬರೀ ವಾಸನೆಯಾಗಿದ್ದ ಕಾಲದಲ್ಲಿ.

ಹಾಗೆಯೇ ‘ಸೊಗಡು’. ಅವರೆಕಾಯಿ ಕಾಲದಲ್ಲಿ ಸುಲಿದ ಬೆರಳಿಗೆ ಅಂಟುವ ಜಿಡ್ಡು, ಅದರ ಜೊತೆಗೆ ಬರುವ ಗಾಢ ವಾಸನೆ. ಸಂತೆಯಲ್ಲಿ ಕಾಯಿ ಮೂಸಿ ‘ಸೊಗಡಿದೆಯಾ’ ಎಂದು ನೋಡಿಯೇ ಕೊಳ್ಳುವುದು. ಈಗ ‘ಮಣ್ಣಿನ ಸೊಗಡು’, ‘ಭಾಷೆಯ ಸೊಗಡು’ ಎಂದು ಪುಸ್ತಕ ವಿಮರ್ಶೆಗಳಲ್ಲಿ ಹರಡಿಕೊಂಡಿದೆ. ಬೆರಳಿನಿಂದ ಬರಹಕ್ಕೆ ಹತ್ತಿದ ಈ ಪದವನ್ನು ಕಂಡರೆ ನನಗೆ ಖುಷಿ. ಆದರೆ ಅವರೆ ಸುಲಿಯದೆ ಈ ಪದವನ್ನು ಓದಿನಿಂದ ಮಾತ್ರ ಕಲಿತವರಿಗೆ ಅದರಲ್ಲಿ ಯಾವ ವಾಸನೆಯೂ ಇರಲಾರದು.

ಉಳಿದದ್ದು ಪರಿಮಳ. ಅಮರಕೋಶ ಅದನ್ನು ತಿಕ್ಕಿದಾಗ ಏಳುವ, ಜನರ ಮನಸ್ಸನ್ನು ಸೆಳೆಯುವ ಗಂಧ ಎಂದು ವಿವರಿಸುತ್ತದೆ. ಅಜ್ಜಿ ನನ್ನ ಮೂಗಿನ ಹತ್ತಿರ ಮುರಿದು ಹಿಡಿದ ತುಳಸಿಯದು ಈ ಲೆಕ್ಕದಲ್ಲಿ ಅಚ್ಚ ಪರಿಮಳ. ಈಗ ತಿಕ್ಕಬೇಕಾಗಿಲ್ಲ, ಯಾವ ಸುವಾಸನೆಯಾದರೂ ಪರಿಮಳವೇ. ಕರಾವಳಿಯವರ ಬಾಯಲ್ಲಂತೂ ಅದು ದಿನದ ಮಾತು: ಮೀನು ಹುರಿದರೂ ಪರಿಮಳ, ಕಾಫಿ ಕಾಸಿದರೂ ಪರಿಮಳ. ಕಂಪಿನ ಹಾಗೆ ಪದ್ಯದಲ್ಲಿ ಕೂತ ಪದ ಇದಲ್ಲ, ದುಡಿಯುವ ಪದ.

ಮೊನ್ನೆ ಬಸ್ಸು ಮಾರುಕಟ್ಟೆಯ ಹಿಂಬದಿಗೆ ತಿರುಗಿತು, ಕಸದ ರಾಶಿಯ ಪಕ್ಕದಲ್ಲೇ ಸಿಗ್ನಲ್ ಬಿತ್ತು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮುಂದಿನ ಸೀಟಿನಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿ ಪಕ್ಕದವಳಿಗೆ ಹೇಳಿದಳು, “ಅಬ್ಬಾ, ಏನು ಪರಿಮಳ ಕಣಕ್ಕಾ!” ಅವಳ ತೊಡೆಯ ಮೇಲೆ ಕೂತಿದ್ದ ಎರಡು ವರ್ಷದ ಮಗು ತಾನೂ ಮೂಗು ಹಿಡಿದುಕೊಂಡು, ತೊದಲುತ್ತಾ, ಆ ಪದವನ್ನು ಎರಡು ಸಲ ಹೇಳಿತು.